ಮೀಟರ್ ಜೊತೆ 8,200

ಕಳೆದ ವರ್ಷ ಏಳನೇ ಸೆಮ್ ಶುರುವಾದ ವಾರವೇ ನನ್ನ ಲ್ಯಾಪ್‌ಟಾಪ್ ಕೈ ಕೊಟ್ಟಿತು. ರಿಪೇರಿ ಅಂಗಡಿಯವನು ಅದನ್ನ ಬಿಚ್ಚಿ ನೋಡಿ, ಬಿಚ್ಚಿದ್ದಕ್ಕೆ ಮುನ್ನೂರು ತಗೊಂಡು, "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದ. ಫೈನಲ್ ಇಯರ್ ಪ್ರಾಜೆಕ್ಟು, ಅದೂ ಸಾಲಿಡ್ ಮಾಡೆಲಿಂಗ್. ಮೊಬೈಲ್‌ನಲ್ಲಿ ಮುಗಿಯೋ ಕೆಲಸ ಅಲ್ಲ. ಮನೇಲಿ ಎರಡು ದಿನ ಯಾರೂ ಆ ಮಾತು ಎತ್ತಲಿಲ್ಲ. ಮೂರನೇ ದಿನ ಊಟದ ಹೊತ್ತಿಗೆ ಅಪ್ಪ, "ಗಾಡಿ ಮಾರ್ಬಿಡು. ಎಷ್ಟು ಬರುತ್ತೋ ಅದು ನಿಂದು. ಮಿಕ್ಕಿದ್ದು ನಾನು ಹಾಕ್ತೀನಿ" ಅಂದ್ರು.

ಗಾಡಿ ಅಂದ್ರೆ ನಮ್ಮನೆ ಆಕ್ಟಿವಾ. 2015ರ ಜೂನ್‌ನಲ್ಲಿ ಅಪ್ಪನ ಹೆಸರಲ್ಲಿ ತಗೊಂಡಿದ್ದು, KA-09 ನಂಬರು. ನಾನು ಹೈಸ್ಕೂಲಲ್ಲಿದ್ದಾಗ ಮುಂದೆ ನಿಂತು ಹೋಗೋ ವಯಸ್ಸು ದಾಟಿದ್ರೂ ಹಿಂದೆ ಕೂತು ಇಡೀ ಕುವೆಂಪುನಗರ ಸುತ್ತಿದ್ದು ಇದೇ ಗಾಡೀಲಿ. ಆಮೇಲೆ ಕಾಲೇಜಿಗೆ ಇದೇ. ಬಸ್ ಪಾಸ್ ಇದೆ, ಉಳಿದ ಒಂದು ವರ್ಷ ನಡೆಯುತ್ತೆ ಅಂತ ನಾನೂ ಒಪ್ಪಿಕೊಂಡೆ.

ನಮ್ಮ ಬಡಾವಣೆಯದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ನೀರು ಯಾವಾಗ ಬಿಡ್ತಾರೆ, ಯಾರ ಮನೆ ನಾಯಿ ತಪ್ಪಿಸಿಕೊಂಡಿದೆ, ಹಳೇ ಮಂಚ ಯಾರಿಗಾದ್ರೂ ಬೇಕಾ, ಎಲ್ಲಾ ಅದರಲ್ಲೇ. ಗಾಡಿ ತೊಳೆದು, ಮನೆ ಮುಂದಿನ ಹೊಂಗೆ ಮರದ ನೆರಳಲ್ಲಿ ನಿಲ್ಲಿಸಿ, ನಾಲ್ಕು ಫೋಟೋ ತೆಗೆದು ಹೀಗೆ ಹಾಕಿದೆ: "ಆಕ್ಟಿವಾ 2015, ಸಿಂಗಲ್ ಓನರ್, 38,412 ಕಿ.ಮೀ., ಸೂಪರ್ ಕಂಡೀಷನ್, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ, 31,000."

ಇದರಲ್ಲಿ ಸುಳ್ಳು ಎಲ್ಲಿದೆ ಅಂತ ಕೇಳಿದ್ರೆ ತೋರಿಸೋದು ಕಷ್ಟ. ಮೀಟರ್‌ನಲ್ಲಿ ನಿಜವಾಗ್ಲೂ 38,412 ಇತ್ತು. ಆದ್ರೆ ಅದು 2023ರ ಮೇ ತಿಂಗಳಿಂದಲೂ ಅಷ್ಟೇ ಇತ್ತು.

ಈ ಮಾಡೆಲ್‌ಗಳಲ್ಲಿ ಸ್ಪೀಡೋಮೀಟರ್‌ಗೆ ಮುಂದಿನ ಚಕ್ರದಿಂದ ಒಂದು ಕೇಬಲ್ ಬರುತ್ತೆ. ಚಕ್ರ ತಿರುಗಿದಂಗೆ ಕೇಬಲ್ ಒಳಗಿನ ತಂತಿ ತಿರುಗುತ್ತೆ, ಅದು ಮುಳ್ಳನ್ನೂ ಕಿಲೋಮೀಟರ್ ಅಂಕಿಗಳನ್ನೂ ತಿರುಗಿಸುತ್ತೆ. ಆ ತಂತಿ ತುಂಡಾದ್ರೆ ಗಾಡಿ ಓಡುತ್ತೆ, ಮೀಟರ್ ನಿಲ್ಲುತ್ತೆ. ಹೊಸ ಕೇಬಲ್‌ಗೆ ಇನ್ನೂರು ರೂಪಾಯಿ ಒಳಗೇ ಆಗ್ತಿತ್ತು. ಹಾಕಿಸ್ತೀನಿ ಹಾಕಿಸ್ತೀನಿ ಅಂತ ಹದಿನಾರು ತಿಂಗಳು ಕಳೆದಿದ್ದೆ. ಮಾರೋ ಮುಂಚೆ ಕೊನೆಗೂ ನಮ್ಮ ಮೆಕಾನಿಕ್ ಅಣ್ಣನ ಹತ್ರ ಹೋದಾಗ ಅವರು ಕೇಬಲ್ ಬದಲಾಯಿಸಿ ನಕ್ಕರು: "ಈಗ ಮೀಟರ್ ಓಡುತ್ತೆ ಬಿಡು. ಮೂವತ್ತೆಂಟು ಸಾವಿರ. ಇನ್ಯಾರು ಕೇಳ್ತಾರೆ?"

ಕೇಬಲ್ ತುಂಡಾಗೇ ಇದ್ದಿದ್ರೆ ತಗೊಳ್ಳೋರು ಹತ್ತು ಮಾರು ಓಡಿಸಿದ್ರೂ ಮುಳ್ಳು ಏಳದೇ ಇರೋದು ಕಂಡು ಪ್ರಶ್ನೆ ಕೇಳ್ತಿದ್ರು. ರಿಪೇರಿ ಮಾಡಿಸಿ ನಾನು ಆ ಪ್ರಶ್ನೇನೇ ಇಲ್ಲದ ಹಾಗೆ ಮಾಡಿದ್ದೆ. ಅವತ್ತು ಇದೆಲ್ಲ ಇಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ. ಲ್ಯಾಪ್‌ಟಾಪ್‌ಗೆ ಇನ್ನೂ ಎಷ್ಟು ಬೇಕು ಅನ್ನೋ ಲೆಕ್ಕ ಮಾತ್ರ ತಲೇಲಿತ್ತು.

ಒಂದು ಗಂಟೆಯಲ್ಲಿ ಎಂಟೊಂಬತ್ತು ಮೆಸೇಜ್ ಬಂತು. ಅದರಲ್ಲೊಂದು ನಮ್ಮ ಮೇಲಿನ ಮನೆ ಅಂಕಲ್‌ದು, ಗ್ರೂಪ್‌ನಲ್ಲಲ್ಲ, ನನಗೊಬ್ಬನಿಗೇ: "ಮರಿ, ಮೀಟರ್ ಕೇಬಲ್ ಕಟ್ ಆಗಿದೆ ಅಂತ ಹೋದ ವರ್ಷ ಹೇಳ್ತಿದ್ಯಲ್ಲ? ಅದು ಸರಿ ಹೋಯ್ತಾ?"

ಬೈಗುಳ ಏನೂ ಇರಲಿಲ್ಲ. ಕೊನೇಲಿ ಒಂದು ನಗುಮುಖ ಬೇರೆ. ನನಗೆ ಮಾತ್ರ ಕಿವಿ ಬಿಸಿಯಾಯ್ತು. ಊರಾಚೆಯವರಿಗೆ ಮಾರೋದಕ್ಕೂ ಬೀದಿಯವರಿಗೆ ಮಾರೋದಕ್ಕೂ ಇರೋ ವ್ಯತ್ಯಾಸ ಇದು ನೋಡಿ. ನಿಮ್ಮ ಗಾಡಿ ಬೆಳಿಗ್ಗೆ ಎಷ್ಟು ಸಲ ಕಿಕ್ ಹೊಡೆದ್ರೆ ಸ್ಟಾರ್ಟ್ ಆಗುತ್ತೆ ಅನ್ನೋದು ನಿಮಗಿಂತ ಚೆನ್ನಾಗಿ ಪಕ್ಕದ ಮನೆಯವರಿಗೆ ಗೊತ್ತಿರುತ್ತೆ.

ಪೋಸ್ಟ್ ಅಳಿಸಿದೆ. ಆಮೇಲೆ ಕೂತು ನಿಜವಾಗಿ ಗಾಡಿ ಎಷ್ಟು ಓಡಿದೆ ಅಂತ ಲೆಕ್ಕ ಹಾಕೋಕೆ ಶುರು ಮಾಡಿದೆ. ಮನೆಯಿಂದ ಕಾಲೇಜಿಗೆ 14 ಕಿ.ಮೀ., ಹೋಗಿ ಬಂದ್ರೆ 28. ತಿಂಗಳಿಗೆ ಇಪ್ಪತ್ತು ದಿನ ಅಂದ್ರೆ 560. ಹದಿನಾರು ತಿಂಗಳಲ್ಲಿ ರಜೆ, ಪರೀಕ್ಷೆ ಓದು ರಜೆ ಎಲ್ಲಾ ತೆಗೆದು ಹನ್ನೆರಡು ತಿಂಗಳು ಅಂದ್ಕೊಂಡ್ರೆ 6,720. ಅಪ್ಪನ ತರಕಾರಿ, ಬ್ಯಾಂಕು ಓಡಾಟ ತಿಂಗಳಿಗೆ ನೂರು ಅಂತ ಹದಿನಾರು ತಿಂಗಳಿಗೆ 1,600. ಒಟ್ಟು 8,320.

ಒಂದೇ ದಾರೀಲಿ ಬಂದ ಉತ್ತರ ನಂಬಬೇಡಿ ಅಂತ ಲ್ಯಾಬ್‌ನಲ್ಲಿ ಬೈಸಿಕೊಂಡಿದ್ದು ನೆನಪಾಯ್ತು. ಪೆಟ್ರೋಲ್‌ಗೆ ನಾವು ಕೊಡೋದೆಲ್ಲ ಫೋನಿಂದಲೇ. ನನ್ನ ಮತ್ತು ಅಪ್ಪನ ಫೋನ್ ಎರಡರಲ್ಲೂ ಬಂಕ್‌ಗೆ ಹೋದ ದುಡ್ಡು ಹುಡುಕಿ ಕೂಡಿಸಿದೆ: 18,400 ರೂಪಾಯಿ. ಲೀಟರ್‌ಗೆ 102 ಅಂತ ಹಿಡಿದ್ರೆ 180 ಲೀಟರ್. ಈ ಗಾಡಿ 45 ಕೊಡುತ್ತೆ. 8,100. ಎರಡು ದಾರಿಗೂ ಇನ್ನೂರು ಕಿಲೋಮೀಟರ್ ಮಾತ್ರ ವ್ಯತ್ಯಾಸ. ನಡುವೆ 8,200 ಅಂತ ಇಟ್ಟುಕೊಂಡೆ. ಅಂದ್ರೆ ಗಾಡಿ ಓಡಿರೋದು 46,600 ಹತ್ತಿರ.

ಎಂಟು ಸಾವಿರದಿಂದ ಏನು ಮಹಾ ಆಗಿಹೋಗುತ್ತೆ ಅಂತ ಇನ್ನೂ ಒಳಗೊಳಗೇ ವಾದ ನಡೀತಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಡಿಕ್ಕಿಯಲ್ಲಿದ್ದ ಹಳೇ ಸರ್ವೀಸ್ ಬಿಲ್‌ಗಳಲ್ಲಿ. ಬೆಲ್ಟ್ ಬದಲಾಯಿಸಿದ್ದು 22,050 ಕಿ.ಮೀ.ಗೆ. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಇಂಜಿನ್‌ನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಹೋಗೋದೇ ಒಂದು ರಬ್ಬರ್ ಬೆಲ್ಟ್ ಮೇಲೆ. ಅದು ಸವೆದು ಅಗಲ ಕಮ್ಮಿಯಾಗುತ್ತೆ, ಒಳಮೈಯಲ್ಲಿ ಹಲ್ಲಿನ ಮಧ್ಯೆ ಬಿರುಕು ಬಿಡುತ್ತೆ, ಕೊನೆಗೊಂದು ದಿನ ಪಟ್ ಅಂತ ಹರಿಯುತ್ತೆ. ಹರಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಇಪ್ಪತ್ತು, ಇಪ್ಪತ್ತೈದು ಸಾವಿರಕ್ಕೆ ಬದಲಾಯಿಸಬೇಕು ಅಂತ ಮೆಕಾನಿಕ್ ಅಣ್ಣನೇ ಹೇಳೋದು. ಮೀಟರ್ ಪ್ರಕಾರ ನಮ್ಮ ಬೆಲ್ಟ್ ಓಡಿದ್ದು 16,400, ಇನ್ನೂ ಒಂದು ವರ್ಷ ಆರಾಮ. ನಿಜದಲ್ಲಿ ಓಡಿದ್ದು 24,600. ತಗೊಂಡವರು ಬಿಲ್ ನೋಡಿ, ಮೀಟರ್ ನೋಡಿ, ನೆಮ್ಮದಿಯಾಗಿ ಓಡಿಸ್ತಾ ಎಲ್ಲೋ ರಿಂಗ್ ರೋಡಲ್ಲಿ ನಿಲ್ತಿದ್ರು.

ಹೊಸ ಪೋಸ್ಟ್ ಬರೆಯೋಕೆ ಒಂದು ಸಂಜೆ ಹಿಡೀತು. ಬಿಲ್ ಇಟ್ಟುಕೊಂಡು ಹೀಗೆ ಬರೆದೆ:

"ಆಕ್ಟಿವಾ, ಜೂನ್ 2015, ಒಬ್ಬರೇ ಓನರ್ (ನಮ್ಮ ತಂದೆ). ಮೀಟರ್ 38,412 ತೋರಿಸುತ್ತೆ, ಆದರೆ ಕೇಬಲ್ ಕಟ್ ಆಗಿ 16 ತಿಂಗಳು ಮೀಟರ್ ನಿಂತಿತ್ತು. ನಿಜವಾಗಿ ಓಡಿರುವುದು ಅಂದಾಜು 46,600. 2022ರಲ್ಲಿ ಒಮ್ಮೆ ಎಡಗಡೆಗೆ ಬಿದ್ದು ಮುಂದಿನ ಫೋರ್ಕ್ ಬೆಂಡ್ ತೆಗೆಸಿದೆ. 50 ದಾಟಿದರೆ ಸ್ವಲ್ಪ ಎಡಕ್ಕೆ ಎಳೆಯುತ್ತೆ. ಬೆಲ್ಟ್ ಬದಲಾಯಿಸುವ ಸಮಯ ಬಂದಿದೆ. ಹಿಂದಿನ ಟೈರ್ ಸವೆದಿದೆ. ಬೆಳಿಗ್ಗೆ ಸೆಲ್ಫ್ ಹಿಡಿಯಲ್ಲ, ಚೋಕ್ ಎಳೆದು ಮೂರು ನಾಲ್ಕು ಕಿಕ್ ಬೇಕು. ಹೊಗೆ ಇಲ್ಲ, ಆಯಿಲ್ ಸೋರಿಕೆ ಇಲ್ಲ. ಸಾಲ ಇಲ್ಲ, ದಂಡ ಬಾಕಿ ಇಲ್ಲ. ಬಿಲ್‌ಗಳಿವೆ. 25,500."

ಜೊತೆಗೆ ಐದು ಫೋಟೋ. ಎಡಗಡೆ ಪ್ಯಾನೆಲ್‌ನ ಗೀರು ಮತ್ತು ಹಿಂದಿನ ಟೈರ್‌ನ ಫೋಟೋ ಹತ್ತಿರದಿಂದ, ಬಿಸಿಲಲ್ಲಿ ತೆಗೆದೆ. ಮೊದಲ ಸಲ ತೆಗೆದದ್ದು ನೆರಳಲ್ಲಿ, ಬಲಗಡೆಯಿಂದ ಅಂತ ಆಗ ಗಮನಕ್ಕೆ ಬಂತು. ಬೇಕಂತ ಮಾಡಿದ್ದಲ್ಲ ಅಂತ ಹೇಳೋ ಧೈರ್ಯ ನನಗಿಲ್ಲ.

25,500 ಎಲ್ಲಿಂದ ಬಂತು? ಜನ ಹಾಕೋ ಬೆಲೆ ನೋಡಿದ್ರೆ ಇದೇ ವರ್ಷದ ಗಾಡಿಗೆ 30ರಿಂದ 36 ಸಾವಿರ ಇತ್ತು. ಹಾಕಿದ ಬೆಲೆ ಬೇರೆ, ಕೈಗೆ ಬಂದ ಬೆಲೆ ಬೇರೆ. ಗ್ರೂಪ್‌ನಲ್ಲೇ ಹಿಂದಿನ ತಿಂಗಳುಗಳಲ್ಲಿ ಹಳೇ ಸ್ಕೂಟರ್ ಮಾರಿದ್ದ ಮೂವರಿಗೆ ಫೋನ್ ಮಾಡಿ ಕೊನೆಗೆ ಎಷ್ಟಕ್ಕೆ ಕೊಟ್ರಿ ಅಂತ ಕೇಳಿದೆ. 28, 29, 30. ಹಳೇ ಗಾಡಿ ವ್ಯಾಪಾರದವರು ನನ್ನದಕ್ಕೆ 21 ಅಂದಿದ್ರು, ಅವರೂ ಬದುಕಬೇಕಲ್ಲ. 29,000 ಅಂತ ಹಿಡಿದು, ಬೆಲ್ಟ್ ಮತ್ತು ರೋಲರ್‌ಗೆ 1,200, ಟೈರ್‌ಗೆ 1,600, ಬಿದ್ದ ಗಾಡಿ ಅನ್ನೋದಕ್ಕೆ ಒಂದು ಸಾವಿರ ಕಳೆದೆ. 25,200 ಉಳೀತು. ಮುನ್ನೂರು ಚೌಕಾಸಿಗೆ ಅಂತ ಸೇರಿಸಿದೆ. ಮೊದಲಿನ 31ಕ್ಕೆ ಹೋಲಿಸಿದ್ರೆ ಐದೂವರೆ ಸಾವಿರ ಕಮ್ಮಿ. ಆ ರಾತ್ರಿ ನಿದ್ದೆ ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಸತ್ಯ ಹೇಳಿದ ಮೇಲೆ ಹಗುರಾಗುತ್ತೆ ಅಂತಾರಲ್ಲ, ನನಗೆ ಹಾಗೇನೂ ಆಗಲಿಲ್ಲ.

ಮೊದಲ ಪೋಸ್ಟ್‌ಗೆ ಬಂದಷ್ಟು ಮೆಸೇಜ್ ಇದಕ್ಕೆ ಬರಲಿಲ್ಲ. ಬಂದಿದ್ದು ನಾಲ್ಕು. ಒಬ್ಬರು ನೇರ 18ಕ್ಕೆ ಕೇಳಿದ್ರು. ಒಬ್ಬ, ಗ್ರೂಪ್‌ಗೆ ಹೇಗೆ ಸೇರಿದ್ದನೋ, ತಾನು ಸೈನ್ಯದಲ್ಲಿದ್ದೀನಿ, ಗಾಡಿ ನೋಡೋದೇ ಬೇಡ, ಪೂರ್ತಿ ದುಡ್ಡು ಈಗಲೇ ಹಾಕ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ಪಿನ್ ಹಾಕೋದು ದುಡ್ಡು ಕೊಡೋವಾಗ ಮಾತ್ರ, ಬರೋ ದುಡ್ಡಿಗೆ ಪಿನ್ ಬೇಕಾಗಲ್ಲ. ಬ್ಲಾಕ್ ಮಾಡಿ ಗ್ರೂಪ್ ಅಡ್ಮಿನ್‌ಗೆ ಹೇಳಿದೆ. ಮೂರನೆಯವರು ಆರ್‌ಸಿ ಫೋಟೋ ಕಳಿಸಿ ಅಂದ್ರು. ನೋಡೋಕೆ ಬಂದಾಗ ಅಸಲೀನೇ ತೋರಿಸ್ತೀನಿ ಅಂದ ಮೇಲೆ ಸುಮ್ಮನಾದ್ರು.

ನಾಲ್ಕನೆಯದು ಒಬ್ಬ ಅಕ್ಕ. ಮೂರು ಬೀದಿ ಆಚೆ ಬಾಡಿಗೆ ಮನೆ, ಆಸ್ಪತ್ರೆಯಲ್ಲಿ ನರ್ಸ್. ಅವರು ಮೊದಲು ಕೇಳಿದ್ದು ಬೆಲೆ ಅಲ್ಲ. "ಬೆಲ್ಟ್ ಹೋದ್ರೆ ಗಾಡಿ ಪೂರ್ತಿ ನಿಂತೇ ಹೋಗುತ್ತಾ? ನನ್ನ ಡ್ಯೂಟಿ ಕೆಲವು ಸಲ ರಾತ್ರಿ ಎರಡಕ್ಕೆ ಮುಗಿಯುತ್ತೆ." ಫೋನ್ ಹಿಡ್ಕೊಂಡು ಒಂದು ಕ್ಷಣ ಮಾತು ಬರಲಿಲ್ಲ. ಮೊದಲಿನ ಪೋಸ್ಟ್‌ಗೂ ಅವರು ಮೆಸೇಜ್ ಹಾಕಿದ್ರು ಅಂತ ಆಮೇಲೆ ಮೇಲಕ್ಕೆ ಸರಿಸಿ ನೋಡಿದಾಗ ಗೊತ್ತಾಯ್ತು. "ಸೂಪರ್ ಕಂಡೀಷನ್ ಅಂದ್ರೆ ಸಾಕು, ನಾಳೆ ಬರ್ಲಾ?" ಅಂತ ಕೇಳಿದ್ರು.

ಎಲ್ಲಿ ಭೇಟಿ ಆಗೋದು ಅನ್ನೋದನ್ನ ಅವರೇ ಹೇಳಿದ್ರು. ನಾನು ಹುಷಾರಾಗಿರಬೇಕು, ಗಾಡಿ ಓಡಿಸ್ಕೊಂಡು ಹೋಗಿಬಿಟ್ರೆ ಅಂತ ಯೋಚಿಸ್ತಿದ್ದೆನೇ ಹೊರತು, ಗೊತ್ತಿಲ್ಲದ ಹುಡುಗನ ಗಾಡಿ ನೋಡೋಕೆ ಬರೋ ಹೆಂಗಸಿಗೂ ಭಯ ಇರುತ್ತೆ ಅಂತ ಹೊಳೆದೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಪೊಲೀಸ್ ಸ್ಟೇಷನ್ ಪಕ್ಕದ ಪೆಟ್ರೋಲ್ ಬಂಕ್. ಜನ ಇರ್ತಾರೆ, ಕ್ಯಾಮೆರಾ ಇರುತ್ತೆ, ಗಾಳಿ ಹಿಡಿಯೋ ಜಾಗದ ಪಕ್ಕ ಟೈರ್ ನೋಡೋಕೂ ಅನುಕೂಲ. ಅವರು ತಮ್ಮನ ಜೊತೆ ಬರ್ತಾರೆ, ತಮ್ಮ ಒಬ್ಬ ಮೆಕಾನಿಕ್‌ನ ಕರ್ಕೊಂಡು ಬರ್ತಾನೆ. ನಾನು ಲ್ಯಾಬ್ ಪಾರ್ಟ್ನರ್‌ನ ಕರ್ಕೊಂಡು ಹೋದೆ.

ಅಲ್ಲೊಂದು ಎಡವಟ್ಟಾಯ್ತು. ಮೆಕಾನಿಕ್ ಬಂದವರೇ ಸೈಲೆನ್ಸರ್ ಹತ್ರ ಕೈ ತಂದು, "ಬಿಸಿ ಇಂಜಿನ್ ತೋರಿಸ್ತಿದ್ದೀರಲ್ಲ ತಮ್ಮ?" ಅಂದ್ರು. ಮನೆಯಿಂದ ಓಡಿಸ್ಕೊಂಡು ಬಂದಿದ್ದೆ, ಬಿಸಿ ಇಲ್ಲದೆ ಇನ್ನೇನು. ಆದ್ರೆ ಅವರು ಹೇಳಿದ್ದು ಸರಿ. ಬಿಸಿ ಇಂಜಿನ್ ಎಲ್ಲವೂ ಒಳ್ಳೆಯ ಹುಡುಗನ ಹಾಗೆ ಒಂದೇ ಬಟನ್‌ಗೆ ಸ್ಟಾರ್ಟ್ ಆಗುತ್ತೆ. ಬ್ಯಾಟರಿ ದುರ್ಬಲ, ಕಾರ್ಬ್ಯುರೇಟರ್ ಕೊಳಕು, ಇವೆಲ್ಲ ಗೊತ್ತಾಗೋದು ತಣ್ಣಗಿದ್ದಾಗ. ತಣ್ಣಗಾಗಲಿ ಅಂತ ಎಲ್ಲರೂ ಎದುರಿನ ಅಂಗಡೀಲಿ ಟೀ ಕುಡಿದ್ವಿ, ಮುಕ್ಕಾಲು ಗಂಟೆ. ಆ ಹೊತ್ತಲ್ಲಿ ಮೆಕಾನಿಕ್ ಹಿಂದಿನ ಟೈರ್‌ನ ಪಕ್ಕದಲ್ಲಿ ಅಚ್ಚು ಹಾಕಿರೋ ನಾಲ್ಕು ಅಂಕಿ ತೋರಿಸಿದ್ರು: 3621. ಅಂದ್ರೆ 2021ನೇ ಇಸವಿಯ 36ನೇ ವಾರ ತಯಾರಾಗಿದ್ದು. "ಮೂರು ವರ್ಷಕ್ಕೆ ಇಷ್ಟು ಸವೆದಿದೆ. ನೀವು ಹೇಳೋ ಕಿಲೋಮೀಟರ್‌ಗೆ ಸರಿ ಇದೆ. ಮೀಟರ್‌ದಷ್ಟೇ ನಂಬಿದ್ರೆ ಕಮ್ಮಿ ಆಗ್ತಿತ್ತು" ಅಂದ್ರು. ಮೊದಲ ಪೋಸ್ಟೇ ಉಳಿದಿದ್ರೆ ಇವರ ಮುಂದೆ ನನ್ನ ಗತಿ ಏನಾಗ್ತಿತ್ತೋ.

ಓಡಿಸಿ ನೋಡೋಕೆ ಅಕ್ಕನೇ ಹೊರಟ್ರು. ತಮ್ಮನ ಬೈಕ್ ಕೀ ನನ್ನ ಕೈಗೆ ಕೊಟ್ಟು, "ಕೇಳೋಕೆ ನಿಂಗೆ ಮುಜುಗರ ಬೇಡ" ಅಂದ್ರು. ಎರಡು ಸುತ್ತು ಹೋಗಿ ಬಂದು ಇಳಿದು, "ಎಡಕ್ಕೆ ಎಳೆಯೋದು ಗೊತ್ತಾಗುತ್ತೆ, ನಾನು ನಲವತ್ತು ದಾಟಲ್ಲ ಬಿಡು" ಅಂದ್ರು. ಮೆಕಾನಿಕ್ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒತ್ತಿ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲ್ ನಿಧಾನ ತಿರುಗಿಸಿದ್ರು. ನಡುವೆ ಎಲ್ಲೂ ಕಚ್ಚಲಿಲ್ಲ, ಅಂದ್ರೆ ಕೋನ್ ಸೆಟ್ ಸರಿ ಇದೆ. ಚಕ್ರ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಸ್ವಲ್ಪ ಆಟ ಸಿಕ್ತು. "ಫೋರ್ಕ್ ಅಲ್ಲ ತಮ್ಮ, ಲಿಂಕ್ ಬುಷ್ ಹೋಗಿದೆ. ಅದು ಹಾಕಿದ್ರೆ ಎಳೆತ ಅರ್ಧ ಹೋಗುತ್ತೆ." ಎರಡು ವರ್ಷ ನಾನು ಅದನ್ನ ಫೋರ್ಕ್ ಅಂತಲೇ ನಂಬಿದ್ದೆ. ಮೆಕಾನಿಕಲ್ ಬ್ರಾಂಚ್ ಅಂತ ಹೇಳ್ಕೊಳ್ಳೋಕೆ ಹೋಗಲಿಲ್ಲ.

ಚೌಕಾಸಿ ಉಲ್ಟಾ ನಡೀತು. ಬೆಲ್ಟ್ ದುಡ್ಡು ಬೆಲೆಯಲ್ಲಿ ಕಳೆದಿದ್ದೀನಿ, ನೀವೇ ಹಾಕಿಸ್ಕೊಳ್ಳಿ ಅಂತ ನಾನು. ಅಕ್ಕ ಒಪ್ಪಲಿಲ್ಲ: "ದುಡ್ಡು ಕಳೆದ್ರೆ ನಾನು ಆ ದುಡ್ಡು ಬೇರೆ ಯಾವುದಕ್ಕೋ ಖರ್ಚು ಮಾಡ್ತೀನಿ, ಬೆಲ್ಟ್ ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ಹೋಗುತ್ತೆ. ನನಗೆ ಗೊತ್ತು ನನ್ನ ಬುದ್ಧಿ. ನೀನೇ ಬೆಲ್ಟು, ಬುಷ್ಷು ಹಾಕಿಸಿ ಕೊಡು, 26,500 ಕೊಡ್ತೀನಿ." ಕೇಬಲ್‌ನ ಹದಿನಾರು ತಿಂಗಳು ಎಳೆದವನಿಗೆ ಆ ಬುದ್ಧಿ ಚೆನ್ನಾಗಿ ಅರ್ಥವಾಗುತ್ತೆ. ಬಿಚ್ಚಿದಾಗ ಹಳೇ ಬೆಲ್ಟ್ ನೋಡಿದೆ. ಬಗ್ಗಿಸಿದ್ರೆ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು, ಏಳೆಂಟು ಕಡೆ. ಅದನ್ನ ಅಕ್ಕನಿಗೆ ಫೋಟೋ ತೆಗೆದು ಕಳಿಸಿದೆ. ಎಲ್ಲಾ ಸೇರಿ 1,750 ಆಯ್ತು, ನನಗೆ ಉಳಿದದ್ದು 24,750.

ಕಾಗದದ ವಿಷಯಕ್ಕೆ ಅಪ್ಪನೇ ಇಳಿದ್ರು. ಅವರಿಗೆ ಅದರ ಕಹಿ ಗೊತ್ತು. ತುಂಬಾ ಹಿಂದೆ ಒಂದು ಮೊಪೆಡ್ ಮಾರಿ, ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟು ಕೈ ತೊಳ್ಕೊಂಡಿದ್ರು. ತಗೊಂಡವನು ಹೆಸರು ಬದಲಾಯಿಸಲೇ ಇಲ್ಲ; ನಾಲ್ಕು ವರ್ಷದ ನಂತರ ಯಾವುದೋ ಊರಿನ ಅಪಘಾತದ ನೋಟಿಸ್ ನಮ್ಮನೆ ಬಾಗಿಲಿಗೆ ಬಂತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿಗೆ ಅವರೇ ಮಾಲೀಕರು. ಮಾರಿಬಿಟ್ಟಿದ್ದೀನಿ ಅಂದ್ರೂ ಪರಿಹಾರದ ಹೊಣೆ ಅವರ ಮೇಲೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟವಾಗಿ ಹೇಳಿದೆ. ಅದಕ್ಕೇ ಅಪ್ಪ ಒಂದೇ ಹಟ: ಫಾರಂ 29, ಫಾರಂ 30 ಎರಡನ್ನೂ ಪೂರ್ತಿ ತುಂಬಿದ ಮೇಲೆಯೇ ಸಹಿ, ಅರ್ಜಿ ಹಾಕೋ ದಿನವೇ ಕೀ. ಫಾರಂ 29 ಅಂದ್ರೆ ಗಾಡಿ ಮಾರಿದ್ದೀನಿ ಅಂತ ಮಾರಿದವರು ಕೊಡೋ ತಿಳಿವಳಿಕೆ, ಅದನ್ನ ಹದಿನಾಲ್ಕು ದಿನದ ಒಳಗೆ ಕೊಡಬೇಕು. ಫಾರಂ 30 ಹೆಸರು ಬದಲಾವಣೆಯ ಅರ್ಜಿ. ಇನ್ಶೂರೆನ್ಸ್ ಅಕ್ಕನ ಹೆಸರಿಗೆ ಮಾಡಿಸೋಕೂ ಹದಿನಾಲ್ಕು ದಿನವೇ ಗಡುವು, ಅದನ್ನ ಅವರ ತಮ್ಮನ ಫೋನ್‌ನಲ್ಲಿ ಅಪ್ಪ ಅಲಾರಂ ಇಡಿಸಿದ್ರು.

ಅಡ್ವಾನ್ಸ್ ಎರಡು ಸಾವಿರ ಬಂಕ್ ಹತ್ರವೇ ಕೊಟ್ಟಿದ್ರು. ಉಳಿದದ್ದು ಅರ್ಜಿ ಹಾಕಿದ ದಿನ, ಆರ್‌ಟಿಓ ಮುಂದೆ. ಅಕ್ಕ ಫೋನ್ ತೋರಿಸಿ "ಹೋಯ್ತು ನೋಡಿ" ಅಂದ್ರು. ಅಪ್ಪ ಅವರ ಪರದೆ ನೋಡಲೇ ಇಲ್ಲ, ತಮ್ಮ ಬ್ಯಾಂಕ್ ಖಾತೆ ತೆಗೆದು ಬಂದಿದೆಯಾ ಅಂತ ನೋಡಿ ಆಮೇಲೆ ತಲೆ ಆಡಿಸಿದ್ರು. ನನಗೆ ನಾಚಿಕೆ, ಅಕ್ಕನಿಗೆ ನಗು. ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆದ್ವಿ: ಗಾಡಿ ನಂಬರು, ಬೆಲೆ, ಇವತ್ತಿನ ತಾರೀಕು, ಬೆಳಿಗ್ಗೆ 11:40. ಗಂಟೆ ಯಾಕೆ ಅಂದ್ರೆ, ಅದೇ ದಿನ ಸಂಜೆ ಯಾವುದಾದ್ರೂ ಸಿಗ್ನಲ್ ಕ್ಯಾಮೆರಾಗೆ ಸಿಕ್ಕಿಬಿದ್ರೆ ದಂಡ ಯಾರದ್ದು ಅಂತ ಜಗಳ ಬೇಡ. ಅದೇ ಹಾಳೆಯಲ್ಲಿ ನಾನು ಇನ್ನೊಂದು ಸಾಲು ಸೇರಿಸಿದೆ, ಓಡಿದ ಕಿಲೋಮೀಟರ್ ಮೀಟರ್‌ನಲ್ಲಿ ಇರೋದಲ್ಲ, ಅದರ ಜೊತೆ ಅಂದಾಜು 8,200 ಅಂತ. ಸೀಟ್ ಎತ್ತಿದ್ರೆ ಕಾಣೋ ಹಾಗೆ ಡಿಕ್ಕಿಯ ಒಳಗೂ ಒಂದು ಸ್ಟಿಕರ್ ಅಂಟಿಸಿದೆ, ಬೆಲ್ಟ್ ಹಾಕಿದ ತಾರೀಕಿನ ಸಮೇತ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳೋಕೆ ಹೋದಾಗ ಅಂಗಡಿಯವನು "ಬ್ಯಾಟರಿ ಸೂಪರ್ ಕಂಡೀಷನ್" ಅಂದ. ಎಷ್ಟು ಸಲ ಚಾರ್ಜ್ ಆಗಿದೆ ಅನ್ನೋ ರಿಪೋರ್ಟ್ ತೆಗೆದು ತೋರಿಸಿ ಅಂದೆ. ಅವನಿಗೆ ಇಷ್ಟ ಆಗಲಿಲ್ಲ.

ಹೊಸ ಆರ್‌ಸಿ ಬಂತು ಅಂತ ಅಕ್ಕ ಫೋಟೋ ಕಳಿಸಿದ್ದು ಸುಮಾರು ದಿನ ಆದ ಮೇಲೆ. ಈ ಯುಗಾದಿ ಹತ್ರ ಇನ್ನೊಂದು ಮೆಸೇಜ್ ಬಂತು, ಮೀಟರ್‌ನ ಫೋಟೋ: 40,190. ಕೆಳಗೆ, "ಇದಕ್ಕೆ 8,200 ಸೇರಿಸಿ ಆಯಿಲ್ ಬದಲಾಯಿಸ್ಬೇಕಾ, ಸೇರಿಸದೇನಾ?"

ಆಯಿಲ್‌ಗೆ ಸೇರಿಸೋದು ಬೇಡ ಅಕ್ಕ, ಬೆಲ್ಟ್ ದಿನವೇ ಹೊಸ ಆಯಿಲ್ ಹಾಕಿಸಿದ್ದೆ, ಅಲ್ಲಿಂದ ಎಣಿಸಿ ಅಂತ ಬರೆದೆ.